ಹಣ ಬರುವ ಮುಂಚೆ ಬೀಳುವ ಸಹಿ

ಹಿಪ್ಪರಗಿ ಬ್ಯಾರೇಜಿನ ಸುತ್ತಮುತ್ತ ಕಬ್ಬು ಬೆಳೆಯುವ ರೈತ ಕಾರ್ಖಾನೆಯಲ್ಲಿ ತೂಕದ ಚೀಟಿ ಕೈಗೆ ಬಾರದೆ ಟ್ರ್ಯಾಕ್ಟರ್ ತಿರುಗಿಸುವುದಿಲ್ಲ. ಅದೇ ರೈತನ ಮಗ ದುಬೈಗೋ ಶಾರ್ಜಾಕ್ಕೋ ಕೆಲಸಕ್ಕೆ ಹೋದರೆ, ಕೆಲಸ ಬಿಟ್ಟು ಬರುವ ದಿನ ತನ್ನ ಲೆಕ್ಕದ ಚೀಟಿಯನ್ನೇ ನೋಡದೆ ಸಹಿ ಹಾಕಿ ವಿಮಾನ ಹತ್ತಿಬಿಡಬಹುದು. ಊರಿಗೆ ಮರಳುವ ಅವಸರದಲ್ಲಿ ಇದು ಸುಲಭವಾಗಿ ಆಗುವ ತಪ್ಪು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಯಾವ ಮನೆಯಲ್ಲಾದರೂ ಕೊಲ್ಲಿಯಿಂದ ವಾಪಸಾಗುವ ಮಾತು ನಡೆದಿದ್ದರೆ, ಟಿಕೆಟ್ ತೆಗೆಸುವ ಮುಂಚೆಯೇ ಈ ಎಚ್ಚರಿಕೆ ಅವರಿಗೆ ಮುಟ್ಟಬೇಕು.

ಅಲ್ಲಿ ವೀಸಾ ಕೊಡಿಸಿದ ಕಂಪನಿಯೇ ಸ್ಪಾನ್ಸರ್. ಕೆಲಸದ ಪರವಾನಗಿ, ವಾಸದ ಪರವಾನಗಿ ಎರಡೂ ಅದರ ಹೆಸರಿನ ಜೊತೆ ಗಂಟುಬಿದ್ದಿರುತ್ತವೆ. ಕೆಲಸ ಮುಗಿದ ಮೇಲೆ ಕಂಪನಿಯೇ ಅವನ್ನು ರದ್ದು ಮಾಡಿಸಬೇಕು. ಆ ರದ್ದತಿಯ ಕಾಗದಕ್ಕೆ ಕೆಲಸಗಾರನ ಸಹಿ ಬೇಕು, ಮತ್ತು ನನಗೆ ಬರಬೇಕಾದ ಬಾಕಿಯೆಲ್ಲ ಬಂದಿದೆ ಎಂಬ ಒಪ್ಪಿಗೆ ಅದರಲ್ಲೇ ಇರುತ್ತದೆ. ಹಣ ಖಾತೆಗೆ ಬೀಳುವ ಮುಂಚೆ ಈ ಸಹಿ ಬಿದ್ದರೆ, ಮುಂದೆ ನೀವು ಏನೇ ಕೇಳಿದರೂ ಕಂಪನಿ ಆ ಕಾಗದವನ್ನು ಮುಂದೆ ಹಿಡಿಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಲೆಕ್ಕ ಚುಕ್ತಾ ಆಗದೆಯೇ ಚುಕ್ತಾ ಆಯಿತೆಂದು ಬರೆದುಕೊಟ್ಟ ಹಾಗೆ.

ಹಾಗಾಗಿ ರಾಜೀನಾಮೆ ಪತ್ರವನ್ನು ಬರೆಯುವಾಗಲೇ ಈ ಗಳಿಗೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಈಗ ನಡೆಯುವುದು 2021ರ 33ನೇ ಕಾರ್ಮಿಕ ಕಾನೂನು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೋಟಿಸ್ ಅವಧಿ 30 ದಿನಕ್ಕೆ ಕಡಿಮೆಯಿಲ್ಲ, 90 ದಿನಕ್ಕೆ ಹೆಚ್ಚಿಲ್ಲ. ನಿಮ್ಮದು ಎಷ್ಟೆಂಬುದು ಕರಾರುಪತ್ರದಲ್ಲಿ ಇರುತ್ತದೆ. ಆ ಅವಧಿಗೆ ಪೂರ್ತಿ ಸಂಬಳ ಸಿಗುತ್ತದೆ. ನಡುವೆ ಬಿಟ್ಟುಹೋದರೆ ಅಷ್ಟು ದಿನದ ಸಂಬಳವನ್ನು ನೀವೇ ಕಂಪನಿಗೆ ಕಟ್ಟಬೇಕಾಗುತ್ತದೆ. ಕೆಲಸ ಕೊನೆಗೊಂಡ 14 ದಿನದೊಳಗೆ ಸಂಬಳ ಮತ್ತು ಉಳಿದ ಬಾಕಿ ಪಾವತಿಯಾಗಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಹಿಪ್ಪರಗಿಯ ಒಬ್ಬ ಹುಡುಗ 2022ರ ಮಾರ್ಚ್ 1ಕ್ಕೆ ದುಬೈಯ ಒಂದು ಗೋದಾಮಿನಲ್ಲಿ ಸೇರಿದ ಅಂದುಕೊಳ್ಳಿ. ಬೇಸಿಕ್ ಸಂಬಳ 1,200 ದಿರ್ಹಮ್, ಭತ್ಯೆ 600, ಕೈಗೆ 1,800. ಮೂರು ವರ್ಷ ತುಂಬಿಸಿ ಬರಬೇಕು, ಕರಾರಿನಲ್ಲಿ ನೋಟಿಸ್ 30 ದಿನ. ಅವನು 2025ರ ಜನವರಿ 29ಕ್ಕೆ ಪತ್ರ ಕೊಟ್ಟರೆ, ಮರುದಿನದಿಂದ ಎಣಿಸಿ ಫೆಬ್ರವರಿ 28 ಅವನ ಕೊನೆಯ ಕೆಲಸದ ದಿನ. ಹಣ ಕೈಸೇರಬೇಕಾದ ಗಡುವು ಮಾರ್ಚ್ 14. ಪತ್ರದಲ್ಲಿ ಈ ಮೂರೂ ತಾರೀಖು ಬಿಡಿಸಿ ಬರೆದಿರಬೇಕು. ಶೀಘ್ರವಾಗಿ ಬಿಡುಗಡೆ ಮಾಡಿ ಎಂದು ಬರೆದರೆ ಗಡುವು ಯಾವ ದಿನದಿಂದ ಶುರುವಾಯಿತು ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಇನ್ನು ಹಣ. ಒಂದು ವರ್ಷ ತುಂಬಿದವನಿಗೆ ಗ್ರ್ಯಾಚುಯಿಟಿ ಉಂಟು. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲೆ ವರ್ಷಕ್ಕೆ 30 ದಿನದ್ದು. ಇವನ ದಿನದ ಬೇಸಿಕ್ 40 ದಿರ್ಹಮ್, ವರ್ಷಕ್ಕೆ 840, ಮೂರು ವರ್ಷಕ್ಕೆ 2,520. ಬಳಸದೆ ಉಳಿದ 20 ದಿನದ ರಜೆಗೆ 800. ಫೆಬ್ರವರಿಯ ಸಂಬಳ 1,800. ಒಟ್ಟು 5,120. ಮುಂಗಡ ತೆಗೆದ 500 ಕಳೆದರೆ 4,620. ಮನೆಯವರು ಕೈಗೆ ಬರುವ 1,800ರ ಮೇಲೆ ಲೆಕ್ಕ ಹಾಕಿ, ಗ್ರ್ಯಾಚುಯಿಟಿಯೇ 3,780 ಬರುತ್ತದೆಂದು ಸಾಲ ಕೊಟ್ಟವನಿಗೆ ಮಾತು ಕೊಟ್ಟಿರುತ್ತಾರೆ. ಆ 1,260ರ ಅಂತರಕ್ಕೆ ಕಾರಣ ಕಂಪನಿಯ ಮೋಸವಲ್ಲ. ಹೋಗುವಾಗಲೇ ಕರಾರಿನಲ್ಲಿ ಸಂಬಳದ ಮೂರರಲ್ಲೊಂದು ಪಾಲು ಭತ್ಯೆಯಾಗಿತ್ತು. ಈಗ ಹೊರಡಲು ಸಜ್ಜಾದವರು ಏಜೆಂಟ್ ತೋರಿಸುವ ಒಟ್ಟು ಮೊತ್ತಕ್ಕಿಂತ ಬೇಸಿಕ್ ಎಷ್ಟೆಂದು ಮೊದಲು ನೋಡಬೇಕು.

ವಾಪಸ್ ಟಿಕೆಟ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳುವ ಮುಂಚೆ ಕರಾರು ಓದಿ. ತಾನಾಗಿ ಬಿಡುವವನ ಮೇಲೆಯೇ ಆ ಖರ್ಚು ಬೀಳಬಹುದು.

ಪತ್ರ ಇಂಗ್ಲಿಷಿನಲ್ಲಿದ್ದರೆ ಸಾಕು. ಅದರ ಸಾರ ಹೀಗಿರಲಿ: ನಾನು ಕರಾರಿನ ಪ್ರಕಾರ 30 ದಿನದ ನೋಟಿಸ್ ಕೊಡುತ್ತಿದ್ದೇನೆ, ನನ್ನ ಕೊನೆಯ ಕೆಲಸದ ದಿನ ಇಂಥದ್ದು, ಸಂಬಳ, ರಜೆ, ಗ್ರ್ಯಾಚುಯಿಟಿ, ಕಡಿತ ಇವುಗಳ ಬಿಡಿಬಿಡಿ ಲೆಕ್ಕವನ್ನು ಬರಹದಲ್ಲಿ ಕೊಡಿ, ಮೊತ್ತವನ್ನು ನನ್ನ ಸಂಬಳದ ಖಾತೆಗೆ ಇಂಥ ತಾರೀಖಿನೊಳಗೆ ಹಾಕಿ, ಹಣ ಜಮೆಯಾದ ಮೇಲೆ ರದ್ದತಿಯ ಕಾಗದಕ್ಕೆ ಸಹಿ ಮಾಡುತ್ತೇನೆ. ಸಿಟ್ಟು, ದೂರು, ಮೇಸ್ತ್ರಿ ಬೈದದ್ದು ಇದರಲ್ಲಿ ಬೇಡ. ಪತ್ರದ ನಕಲಿನ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಅದೇ ದಿನ ಇಮೇಲ್‌ನಲ್ಲಿ ಕಳಿಸಿ, ಒಂದು ಪ್ರತಿಯನ್ನು ಊರಿನ ಮನೆಯವರ ವಾಟ್ಸಾಪ್‌ಗೂ ಹಾಕಿ. ಲಿಖಿತ ನೋಟಿಸ್ ಕೊಟ್ಟರೆ ಸಾಕು, ಮಾಲೀಕ ಒಪ್ಪಿಕೊಂಡರೆ ಮಾತ್ರ ಅದು ನಡೆಯುತ್ತದೆ ಎಂದೇನೂ ಇಲ್ಲ.

ಅಪಾಯದ ಸುಳಿವು ಮೊದಲೇ ಸಿಗುತ್ತದೆ. ತಾರೀಖಿಲ್ಲದ ರಾಜೀನಾಮೆಗೆ ಸಹಿ ಕೇಳುವುದು, ಬಿಡಿ ಲೆಕ್ಕ ಕೊಡದೆ ಒಂದೇ ಮೊತ್ತ ಬಾಯಲ್ಲಿ ಹೇಳುವುದು, 'ಮೊದಲು ಸಹಿ ಮಾಡು, ನೀ ಊರು ಮುಟ್ಟಿದ ಮೇಲೆ ಹಾಕ್ತೀವಿ' ಎನ್ನುವುದು, ಪಾಸ್‌ಪೋರ್ಟ್ ಹಿಡಿದಿಡುವುದು. ಪಾಸ್‌ಪೋರ್ಟ್ ಹಿಡಿದಿಡುವುದಕ್ಕೆ ಅಲ್ಲಿನ ಕಾನೂನೇ ಅವಕಾಶ ಕೊಟ್ಟಿಲ್ಲ. ಚೆಕ್ ಕೊಟ್ಟರೆ ಅದು ನಗದಾಗುವ ತನಕ ಹಣ ಬಂದಿಲ್ಲವೆಂದೇ ತಿಳಿಯಬೇಕು. ಇಂಥದ್ದು ಕಂಡರೆ ಸಹಿಗೆ ಮುಂಚೆಯೇ ಅಲ್ಲಿನ ಕಾರ್ಮಿಕ ಸಚಿವಾಲಯದ 80084ಕ್ಕೆ ಕರೆ ಮಾಡಿ ದೂರು ದಾಖಲಿಸಿ. 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸಬಲ್ಲದು. ಭಾರತೀಯರ ನೆರವಿಗೆ ದುಬೈಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ, ಶುಲ್ಕವಿಲ್ಲದ ಸಂಖ್ಯೆ 800 46342.

ದೂರಿಗೆ ಕೆಲಸ ಬಿಟ್ಟ ದಿನದಿಂದ ಎರಡು ವರ್ಷ ಕಾಲಾವಕಾಶ ಉಂಟು ನಿಜ. ಆದರೆ ಜಮಖಂಡಿಯಲ್ಲಿ ಕುಳಿತು ಆ ದೂರು ನಡೆಸುವುದೆಂದರೆ ಅಲ್ಲಿ ಒಬ್ಬರಿಗೆ ಅಧಿಕಾರಪತ್ರ ಬರೆದುಕೊಡಬೇಕು, ಅದನ್ನು ದೃಢೀಕರಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. 4,620 ದಿರ್ಹಮ್‌ಗಾಗಿ ಅಷ್ಟು ಅಲೆಯುವವರು ಎಷ್ಟು ಮಂದಿ?

ಇದರ ಎದುರು ದಿಕ್ಕಿನ ತಪ್ಪು ಇನ್ನೂ ಕೆಟ್ಟದ್ದು. ರೇಗಿ, ಪತ್ರ ಕೊಡದೆ, ಹೇಳದೆ ಕೆಲಸ ಬಿಟ್ಟು ಗೆಳೆಯರ ಕೋಣೆಗೆ ಹೋಗಿಬಿಡುವುದು. ಸತತ ಏಳು ದಿನ ಸುದ್ದಿಯಿಲ್ಲದಿದ್ದರೆ ಕಂಪನಿ ಕೆಲಸ ಬಿಟ್ಟು ಓಡಿದನೆಂದು ವರದಿ ಕೊಡಬಹುದು. ಅದು ದಾಖಲಾದರೆ ಒಂದು ವರ್ಷ ಹೊಸ ಪರವಾನಗಿ ಸಿಗುವುದಿಲ್ಲ. ರದ್ದತಿ ಆದ ಮೇಲೂ ದೇಶ ಬಿಡಲು ಕಾಗದದಲ್ಲೊಂದು ಕೊನೆಯ ದಿನವಿರುತ್ತದೆ. ಅದನ್ನು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ.

ಮನೆಗೆಲಸ, ಮನೆಯ ಡ್ರೈವರ್ ಕೆಲಸದ ವೀಸಾದವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ, ಅವರಿಗೆ ಬೇರೆ ಕಾನೂನಿದೆ. ದುಬೈಯ ಲೆಕ್ಕವನ್ನು ಸೌದಿಗೆ ಹಚ್ಚಬೇಡಿ. ಅಲ್ಲಿ ತಾನಾಗಿ ಬಿಟ್ಟವನಿಗೆ ಎರಡು ವರ್ಷ ತುಂಬುವ ತನಕ ಏನೂ ಇಲ್ಲ, ಐದರ ತನಕ ಮೂರರಲ್ಲೊಂದು ಪಾಲು, ಹತ್ತು ವರ್ಷದ ಮೇಲಷ್ಟೇ ಪೂರ್ತಿ ಮೊತ್ತ.

ಮಗನೋ ತಮ್ಮನೋ ಅಲ್ಲಿದ್ದರೆ ಈ ವಾರದ ಫೋನಿನಲ್ಲಿ ಕರಾರುಪತ್ರದ ಫೋಟೋ ತರಿಸಿಕೊಳ್ಳಿ. ನೋಟಿಸ್ ಎಷ್ಟು ದಿನ, ಬೇಸಿಕ್ ಎಷ್ಟು, ಸೇರಿದ ತಾರೀಖು ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅವನು ಹೊರಡುವಾಗ ಸಂಬಳದ ಖಾತೆಯನ್ನೂ ಅಲ್ಲಿನ ಸಿಮ್ಮನ್ನೂ ಹಣ ಬೀಳುವ ತನಕ ಮುಚ್ಚದಂತೆ ಹೇಳಿ. ಒಟಿಪಿ ಬರುವುದು ಆ ಸಂಖ್ಯೆಗೇ.