ಸ್ಕ್ರೂಡ್ರೈವರ್ ಕೆಳಗಿಡಿ

ವಾಚಿನ ಹಿಂಬದಿ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಕುಟ್ಟುವವರ ವಿರುದ್ಧ ನನ್ನ ಈ ಬರಹ. ರಾಣೆಬೆನ್ನೂರಿನಲ್ಲೂ ಬ್ಯಾಡಗಿಯಲ್ಲೂ, ಜಾತ್ರೆಗೆಂದು ದೇವರಗುಡ್ಡದ ದಾರಿಯಲ್ಲಿ ಪೆಟ್ಟಿಗೆ ಹಾಕಿ ಕೂರುವವರ ಮುಂದೆಯೂ ಈ ಕುಟ್ಟಾಟ ಕಂಡಿದ್ದೇನೆ. ಸೆಲ್ ಹಾಕಬೇಕು ಅಂದರೆ ಐದು ನಿಮಿಷ, ಮುಚ್ಚಳ ಬರಲಿಲ್ಲ ಅಂದರೆ ಒಂದು ಪೆಟ್ಟು. ಆ ಒಂದು ಪೆಟ್ಟಿಗೆ ಹೋಗುವುದು ಇನ್ನು ಯಾವ ಕಾರ್ಖಾನೆಯೂ ಮಾಡಿಕೊಡದ ವಸ್ತು.

ನಮ್ಮ ಭಾಗದ ಹಳೆಯ ಮನೆಗಳ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಆ ವಾಚು ಕಾರ್ಖಾನೆ, ಮುಂದೆ ತುಮಕೂರಿನಲ್ಲಿ ತಲೆ ಎತ್ತಿದ ಕಾರ್ಖಾನೆ, ಎಲ್ಲವೂ ಈಗ ನಿಂತಿವೆ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಹಳೆಯ ಮಾಡೆಲ್‌ಗಳ ಕೇಸು, ಮುಚ್ಚಳ ಇವತ್ತು ಬೇಕೆಂದರೆ ಇನ್ನೊಂದು ಹಳೆಯ ವಾಚನ್ನು ಬಿಚ್ಚಬೇಕು. ಒಂದನ್ನು ಹಾಳು ಮಾಡಿದವನು ಎರಡನೆಯದನ್ನೂ ಬಲಿ ಕೇಳುತ್ತಾನೆ.

ನಮ್ಮ ದೊಡ್ಡಪ್ಪ ನೌಕರಿಯಿಂದ ನಿವೃತ್ತರಾದಾಗ ಜೊತೆಗಾರರು ಕೊಟ್ಟ ವಾಚಿನ ಕಥೆ ಇದು. ಚಾವಿ ಕೊಟ್ಟು ನಡೆಸುವ ಎಚ್‌ಎಂಟಿ. ಕೇಸು ಹಿತ್ತಾಳೆಯದು, ಮೇಲೆ ಬೆಳ್ಳಿಯಂತೆ ಹೊಳೆಯುವ ಕ್ರೋಮಿಯಂ ಲೇಪ. ಹಿಂಬದಿಯ ಸ್ಟೀಲ್ ಮುಚ್ಚಳದ ಮೇಲೆ ಅವರ ಹೆಸರು, ಇಸವಿ ಕೊರೆಸಿದ್ದರು. ದಸರಾದ ಕಾರ್ಣಿಕಕ್ಕೆ ದೊಡ್ಡಪ್ಪ ತಪ್ಪದೆ ದೇವರಗುಡ್ಡಕ್ಕೆ ಹೋಗುತ್ತಿದ್ದರು, ವಾಚು ಕೈಯಲ್ಲೇ. ಮಾಲತೇಶನ ಸನ್ನಿಧಿಯಲ್ಲಿ ತೂರುವ ಭಂಡಾರ ಎಲ್ಲಿ ಹೋಗುವುದಿಲ್ಲ ಹೇಳಿ! ಅಂಗಿಯ ಕಾಲರಿನಿಂದ ಹಿಡಿದು ವಾಚಿನ ಮುಚ್ಚಳದ ಸಂದಿಯವರೆಗೆ. ವರ್ಷ ವರ್ಷದ ಆ ಅರಿಶಿನ ಪುಡಿ ಬೆವರಿನ ಜೊತೆ ಸೇರಿ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ವಾಚು ನಿಂತಾಗ ಒಂದು ಅಂಗಡಿಗೆ ಕೊಟ್ಟೆವು. ಕೂತವನು ಕಣ್ಣಿಗೆ ಐ ಗ್ಲಾಸ್ ಹಾಕಲಿಲ್ಲ. ಬೆಲ್ಟು ಬಿಚ್ಚಲಿಲ್ಲ. "ಭಾಳ ಬಿಗ್ಯಾಗೇತ್ರಿ, ಹಿಂಗ ಬರಂಗಿಲ್ಲ" ಅಂದ. ಚಪ್ಪಟೆ ಸ್ಕ್ರೂಡ್ರೈವರ್ ತಗೊಂಡು ಸಂದಿಗೆ ಇಟ್ಟು ಮೀಟಿದ. ಬರಲಿಲ್ಲ. ಇನ್ನೊಂದು ಕಡೆ ಇಟ್ಟ. ಅಲ್ಲೂ ಬರಲಿಲ್ಲ. ಮೂರನೆಯ ಕಡೆ ಇಟ್ಟು ಹಿಡಿಕೆಗೆ ಕುಟ್ಟಿದ. ಮುಚ್ಚಳ ಹಾರಿತು. ಸ್ಕ್ರೂಡ್ರೈವರ್ ಅಲ್ಲಿಗೆ ನಿಲ್ಲದೆ ಒಳಗೂ ನುಗ್ಗಿತು.

ಆಮೇಲೆ ಆ ವಾಚನ್ನು ಒಬ್ಬ ಹಿರಿಯ ವಾಚು ರಿಪೇರಿಯವರ ಮೇಜಿನ ಮೇಲಿಟ್ಟಾಗ ಅವರು ಐ ಗ್ಲಾಸ್ ಹಾಕಿಕೊಂಡು ಸುಮ್ಮನೆ ಒಂದು ಸುತ್ತು ತಿರುಗಿಸಿ ನೋಡಿದರು. ಕೇಸಿನ ಅಂಚಿನ ಮೂರು ಕಡೆ ಲೇಪ ಹರಿದು ಹಳದಿ ಹಿತ್ತಾಳೆ ಇಣುಕುತ್ತಿತ್ತು. ಲೇಪ ಹೋದ ಹಿತ್ತಾಳೆಗೆ ಬೆವರು ತಾಗಿದರೆ ಹಸಿರು ಕಿಲುಬು ಕಟ್ಟುತ್ತದೆ, ಹರಿದ ಕಡೆಯಿಂದ ಲೇಪ ಇನ್ನಷ್ಟು ಏಳುತ್ತದೆ. ಮುಚ್ಚಳದ ಅಂಚು ಬಾಗಿತ್ತು. ಕೊರೆದ ಹೆಸರಿನ ನಡುವೆ ಉದ್ದ ಗೀರು. ಮುಂದೆ ಮುಚ್ಚಳ ತೆಗೆದಾಗ ನೋಡಿದರೆ, ಒಳಗೆ ಬ್ಯಾಲೆನ್ಸ್ ಚಕ್ರದ ಪಕ್ಕದಲ್ಲಿ, ಕೂದಲಿನಷ್ಟು ಸಣ್ಣ ಹೇರ್‌ಸ್ಪ್ರಿಂಗ್ ಒಂದು ಕಡೆಗೆ ಎಳೆದು ಸುತ್ತುಗಳು ಒಂದಕ್ಕೊಂದು ತಾಗಿದ್ದವು. ವಾಚು ಎಷ್ಟು ವೇಗದಲ್ಲಿ ನಡೆಯಬೇಕೆಂದು ನಿರ್ಧರಿಸುವುದೇ ಆ ಸುರುಳಿ. ಅದರ ಸುತ್ತುಗಳು ಅಂಟಿಕೊಂಡರೆ ಸ್ಪ್ರಿಂಗ್ ಉದ್ದ ಕಡಿಮೆಯಾದ ಹಾಗೆ ಆಗಿ ವಾಚು ಹುಚ್ಚೆದ್ದು ಓಡುತ್ತದೆ.

"ತಮ್ಮಾ, ಇದು ಬಿಗಿ ಇದ್ದಿದ್ದಲ್ಲ, ತೆಗಿಯೂ ಜಾಗ ಹುಡುಕಿಲ್ಲ ಅವ" ಅಂದರು ಆ ಹಿರಿಯರು.

ಎರಡು ಬೆರಳಿನ ನಡುವೆ ಹಿಡಿದು ತೋರಿಸಿದರು. ಹಲ್ಲಿಗೆ ಹಾಕುವ ಕಡ್ಡಿಯನ್ನು ಚೂಪು ಮಾಡಿ ಸಂದಿಯುದ್ದಕ್ಕೂ ಎಳೆದರು, ಒಣ ಬ್ರಷ್‌ನಿಂದ ಕೊಡವಿದರು. ಹಳದಿ ಕೊಳೆ ಪುಡಿಪುಡಿಯಾಗಿ ಕಾಗದದ ಮೇಲೆ ಬಿತ್ತು. ಆಮೇಲೆ ದೀಪಕ್ಕೆ ಓರೆಯಾಗಿ ಹಿಡಿದಾಗ ಬೆಲ್ಟು ಹಾಕುವ ಕೆಳಗಿನ ಎಡ ಕಾಲಿನ ಹತ್ತಿರ ಮುಚ್ಚಳದ ಅಂಚು ಉಗುರಿನ ತುದಿಯಷ್ಟು ಹೊರ ಚಾಚಿದ್ದು ಕಂಡಿತು. ಅಲ್ಲಿ ಅಲಗು ಇಡಲೆಂದೇ ಕಾರ್ಖಾನೆಯವರು ಮಾಡಿಟ್ಟ ಜಾಗ ಅದು. ಮೂರು ಗಾಯಗಳಲ್ಲಿ ಒಂದೂ ಅದರ ಮೇಲಿರಲಿಲ್ಲ. ಭಂಡಾರ ಮುಚ್ಚಿದ್ದನ್ನು ನೋಡುವ ವ್ಯವಧಾನವಿಲ್ಲದೆ ಲೋಹವನ್ನೇ ಹರಿದರು ಅನ್ನುವುದು ನನ್ನ ಸಿಟ್ಟು.

ಒತ್ತಿ ಕೂರಿಸಿದ ಮುಚ್ಚಳಕ್ಕೆ ಹೀಗೆ ಒಂದು ಜಾಗ ಇರುತ್ತದೆ. ಹೊರ ಚಾಚಿದ ತುಟಿಯೋ, ಸಣ್ಣ ಕಚ್ಚೋ. ವಾಚಿನಿಂದ ವಾಚಿಗೆ ಅದು ಬೇರೆ ಕಡೆ ಇರುತ್ತದೆ, ಆದ್ದರಿಂದ ಪೂರ್ತಿ ಸುತ್ತು ನೋಡಲೇಬೇಕು. ಬೆಲ್ಟು ಬಿಚ್ಚಿ, ಗ್ಲಾಸಿನ ಕಡೆ ಕೆಳಗೆ ಮಾಡಿ ಮೆತ್ತನೆ ಬಟ್ಟೆಯ ಮೇಲೆ ಅಥವಾ ಕೇಸ್ ಹೋಲ್ಡರ್‌ನಲ್ಲಿ ಅಲುಗಾಡದಂತೆ ಹಿಡಿಯಬೇಕು. ಕಾಲುಗಳಿಗೆ ಟೇಪ್ ಸುತ್ತಿದರೆ ಕೈ ಜಾರಿದರೂ ಗೀರು ಬೀಳುವುದಿಲ್ಲ. ಅಗಲ, ಮೊಂಡ ತುದಿಯ ಕೇಸ್ ನೈಫ್ ಅನ್ನು ಆ ಜಾಗಕ್ಕಿಟ್ಟು, ಹೆಬ್ಬೆರಳನ್ನು ಅಲಗಿನ ಹಿಂದೆ ತಡೆಯಾಗಿ ಇಟ್ಟುಕೊಂಡು, ತಳ್ಳುವುದಕ್ಕಿಂತ ಹೆಚ್ಚಾಗಿ ತಿರುಚಬೇಕು. ತುದಿ ಮುಚ್ಚಳದ ಅಂಚಿಗೆ ಸಿಕ್ಕರೆ ಸಾಕು, ಅದನ್ನು ದಾಟಿ ಒಳಗೆ ಹೋಗಬಾರದು. ಮೀಟಿದರೆ ಬಲ ಒಂದೇ ಬಿಂದುವಿಗೆ ಬಿದ್ದು ಅಲಗು ಜಾರುತ್ತದೆ. ತಿರುಚಿದರೆ ಅಂಚು ಮೇಲೆದ್ದ ಕೂಡಲೇ ಸಣ್ಣ ಸದ್ದು ಕೇಳುತ್ತದೆ, ಕೈ ಅಲ್ಲೇ ನಿಲ್ಲುತ್ತದೆ. ತೀರಾ ಬಿಗಿಯಾದದ್ದಕ್ಕೆ ಅಲಗನ್ನು ತಿರುಪಿನಿಂದ ಕೂದಲೆಳೆಯಷ್ಟೇ ಮುಂದೂಡುವ ಸ್ಟ್ಯಾಂಡ್ ಇದೆ. ಸುತ್ತಿಗೆಯ ಮಾತು ಎಲ್ಲಿಂದ ಬಂತು?

ತಿರುಪು ಮುಚ್ಚಳದ ಮೇಲಿನ ದೌರ್ಜನ್ಯ ಇನ್ನೂ ಕೆಟ್ಟದ್ದು. ಇದನ್ನು ಗುರುತಿಸುವುದು ಸುಲಭ, ಸುತ್ತಲೂ ಸಾಮಾನ್ಯವಾಗಿ ಆರು ಕಚ್ಚುಗಳು ಇರುತ್ತವೆ. ಆದರೂ ಅದಕ್ಕೆ ಚಾಕು ಇಟ್ಟು ಮೀಟುವವರನ್ನು ಕಂಡಿದ್ದೇನೆ. ತಿರುಪಿನಿಂದ ಕೂತದ್ದು ಮೀಟಿದರೆ ಏಳುವುದಿಲ್ಲ, ಥ್ರೆಡ್ ಹರಿಯುತ್ತದೆ ಅಷ್ಟೇ. ಇನ್ನು ಕೆಲವರು ನೋಸ್ ಪ್ಲೈಯರ್ ಬಾಯಿ ಅಗಲಿಸಿ, ಕತ್ತರಿಯ ಎರಡು ತುದಿ ಊರಿ ಕಚ್ಚುಗಳಿಗೆ ಸಿಕ್ಕಿಸುತ್ತಾರೆ. ಅವು ಸ್ವಲ್ಪ ಓರೆಯಾದರೂ ಕಚ್ಚಿನ ಅಂಚು ಉರುಟಾಗುತ್ತದೆ. ಒಮ್ಮೆ ಉರುಟಾದ ಕಚ್ಚು ಆಮೇಲೆ ಸರಿಯಾದ ಹತ್ಯಾರಿಗೂ ಸಿಗುವುದಿಲ್ಲ. ಅಲ್ಲಿಂದ ಮುಂದೆ ಆ ವಾಚನ್ನು ಬಿಚ್ಚುವವರೆಲ್ಲರ ಕಷ್ಟಕ್ಕೆ ಆ ಮೊದಲ ಕೈಯೇ ಹೊಣೆ.

ಈ ಮುಚ್ಚಳ ಸಿಕ್ಕಿಕೊಳ್ಳುವುದಕ್ಕೆ ಕಾರಣಗಳಿವೆ, ಅವಕ್ಕೆ ಬಲ ಉತ್ತರವಲ್ಲ. ಒಳಗಿನ ರಬ್ಬರ್ ರಿಂಗು ಮುದಿಯಾಗಿ ಕರಗಿ ಡಾಂಬರಿನಂತೆ ಅಂಟುತ್ತದೆ. ಬೆವರಿನ ಉಪ್ಪು ಥ್ರೆಡ್‌ನಲ್ಲಿ ಸೇರಿ ತುಕ್ಕು ಕಟ್ಟುತ್ತದೆ. ಮೊದಲು ಕೊಳೆ ತೆಗೆದು, ಒಣ ರಬ್ಬರ್ ಚೆಂಡನ್ನು ಅಂಗೈಯಿಂದ ಒತ್ತಿ ಹಿಂಬದಿಯಿಂದ ನೋಡುವಾಗ ಎಡಕ್ಕೆ ತಿರುಗಿಸಿ ನೋಡಬೇಕು, ಎಷ್ಟೋ ವಾಚು ಅಷ್ಟಕ್ಕೇ ಬರುತ್ತವೆ. ಬರದಿದ್ದರೆ ಮೂರು ಮೂತಿಯ ಕೇಸ್ ಓಪನರ್‌ನ ಮೂತಿಗಳನ್ನು ಕಚ್ಚಿಗೆ ಆಟವಿಲ್ಲದಂತೆ ಹೊಂದಿಸಿ, ತಿರುಗಿಸುವುದಕ್ಕಿಂತ ಹೆಚ್ಚು ಬಲವನ್ನು ಕೆಳಕ್ಕೆ ಒತ್ತಲು ಬಳಸಬೇಕು. ರಬ್ಬರ್ ಅಂಟಿದ್ದರೆ ಕೈಗೆ ಸುಡದಷ್ಟು ಬಿಸಿಗಾಳಿ ಕೊಟ್ಟರೆ ಮೆತ್ತಗಾಗುತ್ತದೆ. ತುಕ್ಕಿಗೆ ಸೂಜಿಯ ತುದಿಯಿಂದ ಒಂದೇ ಹನಿ ತೆಳು ಎಣ್ಣೆ, ಸಂದಿಯಲ್ಲಿ ಮಾತ್ರ, ಒಂದು ರಾತ್ರಿ ಬಿಡಬೇಕು. ಅದನ್ನು ಬಾಟಲಿಯಿಂದ ಸುರಿದವರ ವಾಚಿನಲ್ಲಿ ಎಣ್ಣೆ ಒಳಗಿಳಿದು ಹೇರ್‌ಸ್ಪ್ರಿಂಗಿಗೆ ಹತ್ತುತ್ತದೆ. ಕಚ್ಚುಗಳೇ ಹೋದ ಮುಚ್ಚಳಕ್ಕೆ ನಟ್ಟು ಅಂಟಿಸಿ ತಿರುಗಿಸುವ ಕೊನೆಯ ಉಪಾಯವೂ ಇದೆ. ಆದರೆ ಆ ಅಂಟು ಬಿಡಿಸಲು ಅಸಿಟೋನ್ ಬೇಕು, ಹಳೆಯ ವಾಚಿನ ಪ್ಲಾಸ್ಟಿಕ್ ಗ್ಲಾಸಿಗೆ ಅದು ತಾಗಿದರೆ ಗ್ಲಾಸು ಮಬ್ಬಾಗಿ ಬಿರಿಯುತ್ತದೆ. ಇದು ಪರಿಣತರ ಕೈಗೆ ಬಿಡಬೇಕಾದ ಕೆಲಸ.

ಮುಚ್ಚಳ ಹಾಕುವಾಗಿನ ಹಾಳು ಬೇರೆ. ದೊಡ್ಡಪ್ಪನ ವಾಚಿನ ಮುಚ್ಚಳದಲ್ಲಿ ಚಾವಿಯ ಕಡ್ಡಿಗೆ ದಾರಿ ಬಿಡುವ ಕಚ್ಚು ಇತ್ತು. ಅದನ್ನು ಚಾವಿಯ ಕಡ್ಡಿಗೆ ನೇರವಾಗಿ ಹೊಂದಿಸಿದರೆ ಮಾತ್ರ ಮುಚ್ಚಳ ಸಮವಾಗಿ ಕೂರುತ್ತದೆ. ಆ ಅಂಗಡಿಯವನು ಅದನ್ನೂ ನೋಡದೆ ಹೆಬ್ಬೆರಳಿನಿಂದ ಒತ್ತಿ, ಸಾಲದೆ ಪ್ರೆಸ್ಸಿನಲ್ಲಿ ಅಳತೆ ಹೊಂದದ ಬಿಲ್ಲೆ ಇಟ್ಟು ಹಿಂಡಿದ. ಕೆಳಗಿನ ಬಿಲ್ಲೆ ಕೇಸಿನ ಅಂಚನ್ನು ಹಿಡಿಯುವ ಬದಲು ಗ್ಲಾಸನ್ನೇ ಹಿಡಿದಿತ್ತು. ಗ್ಲಾಸು ನಡುವೆ ಬಿರಿಯಿತು. "ಗ್ಲಾಸ್ ಹಳೇದಿತ್ರಿ" ಅಂದ, ಅದರ ಬೆಲೆಯನ್ನೂ ಬಿಲ್ಲಿಗೆ ಸೇರಿಸಿದ.

ಹಿರಿಯರು ಮುಚ್ಚಳದ ಒಳಬದಿಯನ್ನೂ ತೋರಿಸಿದರು. ಅಲ್ಲಿ ಸೂಜಿಮೊನೆಯಿಂದ ಗೀರಿದ ಸಣ್ಣ ಅಂಕಿಗಳು. ಎಣ್ಣೆ ಹಾಕಿದ ದಿನಾಂಕ, ಯಾವ ರಿಪೇರಿಯವರ ಗುರುತು ಎಂದು ಹಿಂದಿನವರು ಹಾಗೆ ಬರೆದಿಡುತ್ತಿದ್ದರು. ಮುಂದೆ ಬಿಚ್ಚುವವನಿಗೆ ತಿಳಿಯಲಿ ಎಂದು. ಅವರೂ ಇದೇ ಮುಚ್ಚಳವನ್ನು ತೆಗೆದು ಹಾಕಿದವರು, ಹೊರಗಡೆ ಒಂದು ಗುರುತೂ ಉಳಿಸಿರಲಿಲ್ಲ. ಅವರ ಕೈಗೆ ಬಂದದ್ದು ಇವರ ಕೈಗೆ ಯಾಕೆ ಬರುವುದಿಲ್ಲ?

ಹತ್ಯಾರಿಲ್ಲ ಅನ್ನುವ ಉತ್ತರ ನಾನು ಒಪ್ಪುವುದಿಲ್ಲ. ಕೇಸ್ ನೈಫ್, ರಬ್ಬರ್ ಚೆಂಡು, ಮೂರು ಮೂತಿಯ ಓಪನರ್, ಇವು ದೊಡ್ಡ ಬೆಲೆಯವಲ್ಲ. ಆಯುಧ ಪೂಜೆಯ ದಿನ ಹತ್ಯಾರಗಳಿಗೆ ಅರಿಶಿನ ಕುಂಕುಮ ಹಚ್ಚುತ್ತೀರಿ, ಕೈ ಮುಗಿಯುತ್ತೀರಿ. ಮರುದಿನ ಸ್ಕ್ರೂಡ್ರೈವರನ್ನು ಹಾರೆಯಾಗಿ ಮಾಡುತ್ತೀರಿ! ಗಿರಾಕಿ ಕಾಯುವುದಿಲ್ಲ ಅನ್ನುವುದೂ ಸುಳ್ಳು. "ನಾಳೆ ಬರ್ರಿ, ಕೊಳೆ ತೆಗೆದು ನೋಡಬೇಕು" ಅಂದರೆ ಯಾವ ಗಿರಾಕಿಯೂ ಜಗಳ ತೆಗೆಯುವುದಿಲ್ಲ. "ನನ್ನಿಂದ ಆಗಲ್ಲ" ಅಂದರೂ ಮರ್ಯಾದೆ ಉಳಿಯುತ್ತದೆ.

ವಾಚು ಕೊಡುವವರಿಗೂ ಹೇಳುತ್ತೇನೆ. ಕೌಂಟರಿನ ಮುಂದೆ ನಿಂತು ನೋಡಿ. ಬೆಲ್ಟು ಬಿಚ್ಚದೆ, ಐ ಗ್ಲಾಸ್ ಹಾಕದೆ ಕೈ ಸ್ಕ್ರೂಡ್ರೈವರಿಗೆ ಹೋದರೆ ವಾಚು ವಾಪಸು ಕೇಳಿ. ಕೊಡುವ ಮೊದಲು ಹಿಂಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ತರುವಾಗ ಹೋಲಿಸಿ. ಹೊಸ ಗೀರು ಕಂಡರೆ ಹಣ ಕೊಡಬೇಡಿ, ಜೋರಾಗಿ ಕೇಳಿ, ಪಕ್ಕದ ಗಿರಾಕಿಗೂ ಕೇಳಿಸುವ ಹಾಗೆ. ದೊಡ್ಡಪ್ಪನ ವಾಚಿನ ಸ್ಪ್ರಿಂಗನ್ನು ಹಿರಿಯರು ಚಿಮಟಿಗೆಯಿಂದ ಸುತ್ತು ಸುತ್ತು ನೇರ ಮಾಡಿದರು, ಬಾಗಿದ ಅಂಚನ್ನು ಮರದ ಗುಂಡಿಯ ಮೇಲೆ ಸರಿಪಡಿಸಿದರು, ಬೇರೆ ಗ್ಲಾಸು ಹಾಕಿದರು. ವಾಚು ನಡೆಯುತ್ತಿದೆ. ಕೇಸಿನ ಮೇಲಿನ ಮೂರು ಗಾಯ ಮಾತ್ರ ಹಾಗೇ ಇವೆ, ಆ ಅಂಗಡಿಯಲ್ಲಿ ಆ ಸ್ಕ್ರೂಡ್ರೈವರ್ ಇವತ್ತಿಗೂ ಕೆಲಸ ಮಾಡುತ್ತಿದೆ.