ಹೆಡ್‌ಲೈನ್ ಕನ್ನಡ, ಭಾಗ 3: ಆ ‘ಟು’ ಅಂದ್ರ ‘ಲು’ ಅಲ್ಲ!

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಕೊಂಡು ಹೋಯ್ತು, ನೆನಪೈತಲ್ಲ? ಅಂಥ ಹೊತ್ತಿನ್ಯಾಗ ಇಂಗ್ಲಿಷ್ ಹೆಡ್‌ಲೈನ್ ಹಿಂಗ ಬಂತು ಅನ್ಕೊಳ್ರಿ: ‘ಟಿಬಿ ಡ್ಯಾಮ್ ಟು ರಿಲೀಸ್ ಮೋರ್ ವಾಟರ್, ವಿಲೇಜಸ್ ವಾರ್ನ್ಡ್’.

ನಮ್ಮ ನ್ಯೂಸ್ ಪೇಜಿನವ್ರ ಕನ್ನಡ ಹೆಂಗಿರ್ತೈತಿ? ‘ಹೆಚ್ಚು ನೀರು ಬಿಡಲು ಟಿಬಿ ಡ್ಯಾಮ್, ಹಳ್ಳಿಗಳು ಎಚ್ಚರಿಸಿದವು’. ಬಿಡಲು… ಮುಂದ? ಹಳ್ಳಿಗಳು ಎಚ್ಚರಿಸಿದ್ದು ಯಾರಿಗೆ, ಡ್ಯಾಮಿಗಾ?

ಜಾಗ ಉಳಿಸಾಕ ಇಂಗ್ಲಿಷ್ ಹೆಡ್‌ಲೈನು ‘ಈಸ್’, ‘ವರ್’ ನುಂಗಿಬಿಡ್ತೈತಿ. ಅದನ್ನ ಮೊದಲು ವಾಪಸ್ ಹಾಕ್ರಿ. ‘ಈಸ್ ಟು ರಿಲೀಸ್’ ಅಂದ್ರ ಇನ್ನೂ ಬಿಟ್ಟಿಲ್ಲ, ಬಿಡ್ತಾರ. ‘ವರ್ ವಾರ್ನ್ಡ್’ ಅಂದ್ರ ಹಳ್ಳಿಗಳಿಗೆ ಎಚ್ಚರಿಕೆ ಕೊಟ್ಟಾರ. ಆಮೇಲೆ ಬರೀರಿ: ‘ಟಿಬಿ ಡ್ಯಾಮ್‌ನಿಂದ ಇನ್ನಷ್ಟು ನೀರು ಬಿಡಲಿದ್ದಾರೆ, ಹಳ್ಳಿಗಳಿಗೆ ಎಚ್ಚರಿಕೆ’.

‘ನೀರು ಬಿಡುಗಡೆ’ ಅಂದ್ರ ಚಿಕ್ಕದಾಗ್ತೈತಲ್ಲ ಅಂತೀರಿ. ಆಗ್ತೈತಿ, ಆದ್ರ ಬಿಟ್ಟಾರೋ ಬಿಡ್ತಾರೋ ಅನ್ನೋದು ಅದರಾಗ ಇಲ್ಲ. ಹೊಳಿದಂಡಿಗೆ ಪಂಪ್‌ಸೆಟ್ ಇಟ್ಟ ರೈತನಿಗೆ ಬೇಕಾಗಿರೋದು ಅದೇ. ‘ಬಿಡಲಿದ್ದಾರೆ’ ಅಂದ್ರ ಮೋಟರ್ ಎತ್ತಾಕ ಟೈಮ್ ಐತಿ. ‘ಬಿಟ್ಟಿದ್ದಾರೆ’ ಅಂದ್ರ ಮೋಟರ್ ಬಿಟ್ಟು ಜೀವ ಉಳಿಸ್ಕೋಬೇಕು.

ಎರಡಕ್ಷರ ಉಳಿಸಾಕ ಹೋಗಿ ಅವನ ಮೋಟರ್ ಮುಳುಗಿಸಬ್ಯಾಡ್ರಿ.

#ಮುನಿರಾಬಾದ್ #ಟಿಬಿಡ್ಯಾಮ್ #ಹೆಡ್‌ಲೈನ್‌ಕನ್ನಡ