ಒಂದೇ ಫೋನಿನ ಮನೆಯೂ ಮಕ್ಕಳ ಆಟದ ಬಿಲ್ಲೂ

ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲನ್ನು ಸಾಲುಸಾಲಾಗಿ ಓದುವವರು ವಿರಳ. ಒಟ್ಟು ಮೊತ್ತವನ್ನೂ ಕಟ್ಟಬೇಕಾದ ಕೊನೆಯ ದಿನಾಂಕವನ್ನೂ ನೋಡಿ ಹಣ ಪಾವತಿಸಿ ಮರೆಯುವವರೇ ಹೆಚ್ಚು. ಮೊತ್ತ ದಿಢೀರನೆ ಏರಿದಾಗ ಮಾತ್ರ ಒಳಪುಟಗಳತ್ತ ಕಣ್ಣು ಹಾಯುತ್ತದೆ. ಹಾಗೆ ಕಣ್ಣು ಹಾಯಿಸಿದ ಅನೇಕ ತಂದೆ ತಾಯಂದಿರಿಗೆ ಕರೆ, ಡೇಟಾ, ರೋಮಿಂಗ್‌ಗಳಾವುವೂ ಅಲ್ಲದ ಒಂದು ಬಾಬತ್ತು ಅಲ್ಲಿ ಎದುರಾಗುತ್ತದೆ: ಗೂಗಲ್‌ನ ಹೆಸರಿನಲ್ಲಿ ದಾಖಲಾದ ಖರೀದಿ. ಮಗು ಆಡಿದ ಆಟದೊಳಗೆ ಕೊಂಡ ರತ್ನ, ನಾಣ್ಯ, ವೇಷಭೂಷಣಗಳ ಬೆಲೆಯದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹನ್ನೊಂದು ವರ್ಷದ ಹುಡುಗ ಸಂಜೆ ಹೊತ್ತು ತಾಯಿಯ ಆಂಡ್ರಾಯ್ಡ್ ಫೋನಿನಲ್ಲಿ ಆಡುತ್ತಾನೆ. ತಿಂಗಳ 5ರಂದು ಅವನ ಹುಟ್ಟುಹಬ್ಬ. 89 ರೂಪಾಯಿಯ ಒಂದು ಕಟ್ಟು ರತ್ನಗಳನ್ನು ಕೊಡಿಸಲು ತಾಯಿ ಒಪ್ಪಿ, ಗೂಗಲ್ ಖಾತೆಯ ಪಾಸ್‌ವರ್ಡ್ ಒತ್ತಿ, ಫೋನನ್ನು ಮಗನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುತ್ತಾರೆ. ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಹುಡುಗ 899 ರೂಪಾಯಿಯ ದೊಡ್ಡ ಕಟ್ಟನ್ನು ನಾಲ್ಕು ಬಾರಿ ಕೊಳ್ಳುತ್ತಾನೆ. ಒಮ್ಮೆಯೂ ಪಾಸ್‌ವರ್ಡ್ ಕೇಳುವುದಿಲ್ಲ. ತಾಯಿ ಒಪ್ಪಿದ್ದು 89 ರೂಪಾಯಿಗೆ, ಬಿಲ್ಲಿಗೆ ಸೇರಿದ್ದು 3,685 ರೂಪಾಯಿ. ವಿಷಯ ತಿಳಿಯುವುದು 28ರಂದು, ಬಿಲ್ಲು ಬಂದಾಗ.

ಇಲ್ಲಿ ಹುಡುಗ ಕಳ್ಳತನ ಮಾಡಿದನೆಂದು ಹೇಳುವುದು ಸುಲಭ. ಆದರೆ ಆ ನಾಲ್ಕು ಖರೀದಿಗಳಿಗೆ ಬಾಗಿಲು ತೆರೆದಿಟ್ಟದ್ದು ಎರಡು ವ್ಯವಸ್ಥೆಗಳು. ಮೊದಲನೆಯದು ಪ್ಲೇ ಸ್ಟೋರಿನ Purchase verification ಎಂಬ ಆಯ್ಕೆ. ಇದನ್ನು ಪ್ರತಿ ಖರೀದಿಗೂ ಕೇಳುವಂತೆ, 30 ನಿಮಿಷಕ್ಕೊಮ್ಮೆ ಕೇಳುವಂತೆ, ಅಥವಾ ಎಂದೂ ಕೇಳದಂತೆ ಇಡಬಹುದು. ಆ ತಾಯಿಯ ಫೋನಿನಲ್ಲಿ ಅದು 30 ನಿಮಿಷಕ್ಕೆ ನಿಂತಿತ್ತು. ಒಮ್ಮೆ ಒತ್ತಿದ ಪಾಸ್‌ವರ್ಡ್ ಅರ್ಧ ಗಂಟೆಯ ಮಟ್ಟಿಗೆ ಖಾಲಿ ಚೆಕ್ಕಾಗಿತ್ತು.

ಎರಡನೆಯದು ಹಣ ಪಾವತಿಯ ಮಾರ್ಗ. ಭಾರತದಲ್ಲಿ ಕಾರ್ಡಿನಿಂದ ಕೊಂಡರೆ ಸಾಮಾನ್ಯವಾಗಿ ಒಟಿಪಿ ಬರುತ್ತದೆ, ಯುಪಿಐ ಆದರೆ ಪಿನ್ ಕೇಳುತ್ತದೆ. ರಿಸರ್ವ್ ಬ್ಯಾಂಕ್ ಹಟ ಹಿಡಿದು ಉಳಿಸಿಕೊಂಡ ಈ ಎರಡನೆಯ ಬೀಗದಿಂದಾಗಿ ನಮ್ಮ ಮಕ್ಕಳ ಕೈಗೆ ಸಿಗದೆ ಉಳಿದ ಹಣ ಕಡಿಮೆಯೇನಲ್ಲ. ಆದರೆ ಖರೀದಿಯ ಮೊತ್ತವನ್ನು ಸಿಮ್ ಕಂಪನಿಯ ಬಿಲ್ಲಿಗೆ ಸೇರಿಸುವ ಕ್ಯಾರಿಯರ್ ಬಿಲ್ಲಿಂಗ್‌ನಲ್ಲಿ ಬ್ಯಾಂಕಿನ ಪ್ರವೇಶವೇ ಇಲ್ಲ. ಪ್ರೀಪೇಯ್ಡ್ ಆದರೆ ಬಾಕಿಯಿಂದ ಕಡಿತ, ಪೋಸ್ಟ್‌ಪೇಯ್ಡ್ ಆದರೆ ತಿಂಗಳ ಸಾಲ. ಅಲ್ಲಿರುವುದು ಗೂಗಲ್‌ನ ಒಂದೇ ಬೀಗ. ಅದು ಅರ್ಧ ಗಂಟೆ ತೆರೆದಿದ್ದರೆ ಎಲ್ಲವೂ ತೆರೆದಂತೆಯೇ.

ಇದಕ್ಕೆಲ್ಲ ‘ಕುಟುಂಬ ಗುಂಪು’ ಎಂಬ ಪರಿಹಾರ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ, ಒಳ್ಳೆಯದೂ ಹೌದು. ಗೂಗಲ್‌ನಲ್ಲಿಯೂ ಆಪಲ್‌ನಲ್ಲಿಯೂ ಆರು ಜನರ ಗುಂಪು ಕಟ್ಟಬಹುದು. ಗೂಗಲ್‌ನಲ್ಲಿ ಮಗುವಿನ ಖರೀದಿಗೆ ಪೋಷಕರ ಒಪ್ಪಿಗೆ ಬೇಕೆಂದು ನಿಗದಿ ಮಾಡಬಹುದು. ಆಪಲ್‌ನಲ್ಲಿ ಅದೇ ಕೆಲಸವನ್ನು Ask to Buy ಮಾಡುತ್ತದೆ. ಸ್ಕ್ರೀನ್ ಟೈಮ್ ವಿಭಾಗದಲ್ಲಿ ಆಟದೊಳಗಿನ ಖರೀದಿಯನ್ನೇ ಪೂರ್ಣವಾಗಿ ನಿಲ್ಲಿಸಲೂ ಬರುತ್ತದೆ. ತೊಡಕಿರುವುದು ಬೇರೆಡೆ. ಈ ಏರ್ಪಾಡುಗಳೆಲ್ಲ ಮಗುವಿಗೆ ತನ್ನದೇ ಸಾಧನವೂ ತನ್ನದೇ ಖಾತೆಯೂ ಇದೆಯೆಂದು ಭಾವಿಸಿ ರೂಪಿಸಿದವು. ನಮ್ಮ ಬಹುಪಾಲು ಮನೆಗಳಲ್ಲಿ ಮಗು ಆಡುವುದು ಅಮ್ಮನ ಫೋನಿನಲ್ಲಿ, ಅಮ್ಮನ ಖಾತೆಯಲ್ಲಿ. ಅಲ್ಲಿ ಒಪ್ಪಿಗೆ ಕೇಳುವವನೂ ಕೊಡುವವನೂ ಅದೇ ಹುಡುಗ!

ಗುಂಪು ಕಟ್ಟಿದವರೂ ಒಂದು ಮಿತಿಯನ್ನು ಅರಿತಿರಬೇಕು. ಗೂಗಲ್‌ನ ಒಪ್ಪಿಗೆಯ ನಿಯಮ ಅನ್ವಯವಾಗುವುದು ಗೂಗಲ್‌ನದೇ ಬಿಲ್ಲಿಂಗ್ ಮೂಲಕ ನಡೆದ ಖರೀದಿಗೆ ಮಾತ್ರ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ ದಂಡ ವಿಧಿಸಿ, ತನ್ನ ಬಿಲ್ಲಿಂಗ್ ಅನ್ನೇ ಬಳಸಬೇಕೆಂದು ಒತ್ತಾಯಿಸಕೂಡದೆಂದು ಆದೇಶಿಸಿತು. ಉದ್ಯಮದ ದೃಷ್ಟಿಯಿಂದ ಅದು ಸ್ವಾಗತಾರ್ಹವೇ. ಆದರೆ ಆಟದ ಕಂಪನಿಯ ಸ್ವಂತ ಪಾವತಿ ಪುಟದಲ್ಲಿ ಕೊಂಡದ್ದಕ್ಕೆ ಗೂಗಲ್‌ನ ಕಾವಲೂ ಇಲ್ಲ, ಮರುಪಾವತಿಯ ಹೊಣೆಯೂ ಇಲ್ಲ.

ಹಾಗಾದರೆ ಒಂದೇ ಫೋನಿನ ಮನೆಯಲ್ಲಿ ಏನು ಮಾಡಬಹುದು? ಮೊದಲ ಕೆಲಸ, ಪ್ಲೇ ಸ್ಟೋರಿನಲ್ಲಿ ತಮ್ಮ ಚಿತ್ರವನ್ನು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, Purchase verification ಅನ್ನು ಪ್ರತಿ ಖರೀದಿಗೂ ಕೇಳುವಂತೆ ಇಡುವುದು. ಇದರ ಜೊತೆಗೆ ಬೆರಳಚ್ಚನ್ನು ಪರೀಕ್ಷಿಸಬೇಕು. ಖರೀದಿಗೆ ಬೆರಳಚ್ಚು ಸಾಕೆಂದು ಒಪ್ಪಿದ್ದರೆ, ಆ ಫೋನಿನಲ್ಲಿ ದಾಖಲಾದ ಯಾವ ಬೆರಳಾದರೂ ನಡೆಯುತ್ತದೆ. ಫೋನ್ ತೆರೆದುಕೊಳ್ಳಲಿ ಎಂದು ಮಗನ ಹೆಬ್ಬೆರಳನ್ನೂ ದಾಖಲಿಸಿರುವ ಮನೆಗಳಲ್ಲಿ ಬೀಗದ ಕೈ ಈಗಾಗಲೇ ಅವನಲ್ಲಿದೆ. ಅಂಥವರು ಬೆರಳಚ್ಚನ್ನು ಬಿಟ್ಟು ಪಾಸ್‌ವರ್ಡಿಗೆ ಮರಳುವುದು ಒಳಿತು.

ಎರಡನೆಯ ಕೆಲಸ, ಆ ಖಾತೆಗೆ ಹಣದ ಯಾವ ಮಾರ್ಗವೂ ಅಂಟಿಕೊಂಡಿರದಂತೆ ನೋಡಿಕೊಳ್ಳುವುದು. ಪಾವತಿ ವಿಧಾನಗಳ ಪಟ್ಟಿಯಿಂದ ಕಾರ್ಡನ್ನೂ ಮೊಬೈಲ್ ಬಿಲ್ಲನ್ನೂ ತೆಗೆದುಹಾಕಬೇಕು. ಸಿಮ್ ಕಂಪನಿ ಆ ಸೇವೆ ಕೊಡುವವರೆಗೆ ಕ್ಯಾರಿಯರ್ ಬಿಲ್ಲಿಂಗ್ ಆಯ್ಕೆಯಾಗಿ ಮತ್ತೆ ಕಾಣಿಸಿಕೊಳ್ಳಬಹುದು. ಆದ್ದರಿಂದ ಕಂಪನಿಯ ಗ್ರಾಹಕ ಸೇವೆಗೂ ತಿಳಿಸಿ, ಆ ಸಂಖ್ಯೆಗೆ ಅದನ್ನು ನಿರ್ಬಂಧಿಸಲು ಕೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಮಗುವಿಗೆ ಏನನ್ನಾದರೂ ಕೊಡಿಸಲೇಬೇಕೆಂದಿದ್ದರೆ ಅಷ್ಟೇ ಮೊತ್ತದ ಗೂಗಲ್ ಪ್ಲೇ ಗಿಫ್ಟ್ ಕೋಡ್ ಹಾಕಬಹುದು. ಅದು ಮುಗಿದಾಗ ಖರ್ಚೂ ನಿಲ್ಲುತ್ತದೆ. ಪ್ಲೇ ಸ್ಟೋರಿನಲ್ಲಿ ತಿಂಗಳ ಬಜೆಟ್ ನಿಗದಿ ಮಾಡುವ ಸೌಲಭ್ಯವೂ ಇದೆ. ಅದನ್ನು ನಂಬಿ ಕುಳಿತವರು ಮೋಸಹೋಗುತ್ತಾರೆ. ಅದು ಮಿತಿ ಸಮೀಪಿಸಿದೆಯೆಂದು ತಿಳಿಸುತ್ತದೆಯೇ ಹೊರತು ಖರೀದಿಯನ್ನು ತಡೆಯುವುದಿಲ್ಲ.

ಇನ್ನು ಮರುಪಾವತಿಯ ವಿಚಾರ. ಇಲ್ಲಿ ಗಡಿಯಾರವೇ ಮುಖ್ಯ. ಖರೀದಿಯಾದ 48 ಗಂಟೆಗಳೊಳಗೆ play.google.com ತಾಣದಲ್ಲಿ ಆರ್ಡರುಗಳ ಪಟ್ಟಿ ತೆರೆದು, ಆಯಾ ಖರೀದಿಯ ಮುಂದಿರುವ Report a problem ಒತ್ತಿ, ಮನೆಯವರು ಅರಿಯದೆ ಕೊಂಡದ್ದು ಎಂಬ ಕಾರಣವನ್ನು ಆರಿಸಿ ಮನವಿ ಸಲ್ಲಿಸಿದರೆ ಹಣ ಮರಳುವ ಸಾಧ್ಯತೆ ಹೆಚ್ಚು. ಉತ್ತರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬರುತ್ತದೆ. 48 ಗಂಟೆ ಕಳೆದರೆ ಗೂಗಲ್ ಗ್ರಾಹಕರನ್ನು ಆಟ ತಯಾರಿಸಿದ ಕಂಪನಿಯತ್ತ ಕಳಿಸುತ್ತದೆ. 120 ದಿನಗಳ ಇನ್ನೊಂದು ಅವಧಿಯ ಬಗ್ಗೆ ಕೇಳಿದವರಿದ್ದಾರೆ. ಅದು ನಿಮಗಾಗಲಿ ನಿಮ್ಮ ಪರಿಚಿತರಿಗಾಗಲಿ ಸಂಬಂಧವಿಲ್ಲದ ಅನ್ಯರು ನಡೆಸಿದ ಅನಧಿಕೃತ ವ್ಯವಹಾರಕ್ಕೆ ಮೀಸಲು. ಮಗ ಕೊಂಡದ್ದನ್ನು ಅಪರಿಚಿತರ ತಲೆಗೆ ಕಟ್ಟುವುದು ಸುಳ್ಳು ಹೇಳಿಕೆಯಾಗುತ್ತದೆ. ಆ ಹಾದಿ ಹಿಡಿಯಬಾರದು.

ಆ ತಾಯಿಗೆ ಬಿಲ್ಲು ಬಂದದ್ದು 23 ದಿನಗಳ ನಂತರ. ಗೂಗಲ್‌ನ ಎರಡು ದಿನಗಳ ಗಡಿಯಾರ ಎಂದೋ ನಿಂತಿತ್ತು. ಪ್ರತಿ ಖರೀದಿಗೂ ರಸೀತಿ ಇ-ಮೇಲ್‌ಗೆ ಬಂದಿತ್ತು, ನಿಜ. ಆದರೆ ಜಾಹೀರಾತುಗಳ ರಾಶಿಯಡಿ ಐದು ರಸೀತಿಗಳು ಕಣ್ಣಿಗೆ ಬೀಳದಿರುವುದು ಅಸಹಜವಲ್ಲ. ಈಗ ಅವರ ಮುಂದಿರುವುದು ಆ ರಸೀತಿಗಳನ್ನು ಹುಡುಕುವ ಕೆಲಸ. ಒಂದೊಂದರಲ್ಲಿಯೂ GPA ಎಂದು ಆರಂಭವಾಗುವ ಆರ್ಡರ್ ಸಂಖ್ಯೆ ಇರುತ್ತದೆ. ನಾಲ್ಕು ಸಂಖ್ಯೆಗಳನ್ನೂ ಸಮಯವನ್ನೂ ನಮೂದಿಸಿ, ಒಂದೇ ಪಾಸ್‌ವರ್ಡಿನ ಬೆನ್ನಿಗೆ ಇಪ್ಪತ್ತು ನಿಮಿಷಗಳಲ್ಲಿ ಇವು ನಡೆದವೆಂದೂ, ಕೊಂಡವನು ಹನ್ನೊಂದರ ಬಾಲಕನೆಂದೂ, ರತ್ನಗಳನ್ನು ಬಳಸಿಲ್ಲದಿದ್ದರೆ ಹಿಂಪಡೆಯಬಹುದೆಂದೂ ಆಟದ ಕಂಪನಿಗೆ ಬರೆಯಬೇಕು. ಮೊದಲ 89 ರೂಪಾಯಿಯನ್ನು ಇದರಲ್ಲಿ ಸೇರಿಸಬಾರದು. ಒಪ್ಪಿ ಕೊಂಡದ್ದನ್ನು ಬಿಟ್ಟು ಉಳಿದ 3,596 ಕೇಳಿದರೆ ಮನವಿಗೆ ತೂಕ ಬರುತ್ತದೆ. ಕಂಪನಿ ಒಪ್ಪಿದರೂ ಮೊಬೈಲ್ ಬಿಲ್ಲಿನ ಮೂಲಕ ಕಟ್ಟಿದ ಹಣ ಕಾರ್ಡಿನಷ್ಟು ಬೇಗ ಮರಳುವುದಿಲ್ಲ. ಮುಂದಿನ ಒಂದೆರಡು ಬಿಲ್ಲುಗಳಲ್ಲಿ ಜಮೆಯಾಗಿ ಕಾಣಿಸುತ್ತದೆ. ಅಲ್ಲಿಯವರೆಗೆ ಬಿಲ್ಲನ್ನೇ ಕಟ್ಟದೆ ಕುಳಿತರೆ ಬ್ಯಾಂಕಿನ ಒಟಿಪಿಗಳೆಲ್ಲ ಬರುವ ಆ ಸಂಖ್ಯೆಯೇ ಸ್ಥಗಿತಗೊಂಡೀತು. ಬಿಲ್ಲು ಕಟ್ಟಿ, ಸಿಮ್ ಕಂಪನಿಯಲ್ಲಿ ದೂರು ದಾಖಲಿಸಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಐಫೋನ್ ಆದರೆ reportaproblem.apple.com ತಾಣದಲ್ಲಿ ಮನವಿ ಸಲ್ಲಿಸಬೇಕು.

ಇಷ್ಟಾದರೂ ಹಣ ಬಂದೇ ಬರುತ್ತದೆ ಎನ್ನಲಾಗದು. ಖಾತೆಯನ್ನು ಇನ್ನೊಬ್ಬರಿಗೆ ಕೊಟ್ಟವರಿಗೆ, ಖಾತೆಗೆ ದೃಢೀಕರಣದ ರಕ್ಷಣೆ ಇಡದವರಿಗೆ ಸಾಮಾನ್ಯವಾಗಿ ಮರುಪಾವತಿ ಇಲ್ಲ ಎಂಬುದು ಗೂಗಲ್‌ನ ನಿಯಮ. ಒಂದೇ ಫೋನನ್ನು ಹಂಚಿಕೊಳ್ಳುವ ಮನೆ ಈ ನಿಯಮದ ಕಣ್ಣಿಗೆ ಮೊದಲೇ ತಪ್ಪಿತಸ್ಥ ಮನೆ.

ಅಮೆರಿಕದಲ್ಲಿ ಇದೇ ವಿಷಯ 2014ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಬಂದಿತ್ತು. ಪಾಸ್‌ವರ್ಡ್ ಒತ್ತಿದ ನಂತರ ಆಪಲ್ 15 ನಿಮಿಷ, ಗೂಗಲ್ 30 ನಿಮಿಷ ಬಾಗಿಲು ತೆರೆದಿಡುತ್ತಿದ್ದವು, ಪೋಷಕರಿಗೆ ಅದನ್ನು ತಿಳಿಸಿರಲಿಲ್ಲ ಎಂಬುದೇ ಆರೋಪ. ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿಕೊಂಡವು. ನಮ್ಮಲ್ಲಿ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ಸಲಹೆಯೊಂದನ್ನು ಹೊರಡಿಸಿ, ಒಟಿಪಿ ಆಧಾರಿತ ಪಾವತಿಯನ್ನೇ ಬಳಸಿರೆಂದು ಹೇಳಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿತು. ಹಣ ಗೆಲ್ಲುವ ಆಸೆಯಿಲ್ಲದೆ ಕೇವಲ ರತ್ನ ಕೊಳ್ಳುವ ಮಗುವಿನ ಆಟ ಆ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ.

ಸಲಹೆ ಪೋಷಕರಿಗೆ ಮಾತ್ರ ಏಕೆ? ಸಿಮ್ ಕಂಪನಿಗಳು ಕ್ಯಾರಿಯರ್ ಬಿಲ್ಲಿಂಗ್ ಅನ್ನು ಗ್ರಾಹಕ ಲಿಖಿತವಾಗಿ ಕೇಳುವವರೆಗೆ ಮುಚ್ಚಿಯೇ ಇಡಬೇಕೆಂದು, ಕೇಳಿ ತೆರೆಸಿಕೊಂಡವರಿಗೂ ಪ್ರತಿ ಖರೀದಿಗೆ ಒಟಿಪಿ ಕಡ್ಡಾಯವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ವಿಧಿಸಲು ಅಡ್ಡಿಯೇನು? ಒಟಿಪಿ ಬರುವುದೂ ಹುಡುಗನ ಕೈಯಲ್ಲಿರುವ ಅದೇ ಫೋನಿಗೆ ಎಂಬ ಆಕ್ಷೇಪ ಸರಿಯೇ. ಅದಕ್ಕೆಂದೇ ಅದನ್ನು ಗ್ರಾಹಕ ಸೂಚಿಸಿದ ಎರಡನೆಯ ಸಂಖ್ಯೆಗೆ ಕಳಿಸುವ ಆಯ್ಕೆ ಬೇಕು. ಮೊಬೈಲ್ ಬಿಲ್ಲಿನ ಮೂಲಕ ನಡೆದ ಖರೀದಿಗೆ ಮರುಪಾವತಿಯ 48 ಗಂಟೆಗಳನ್ನು ಖರೀದಿಯ ಕ್ಷಣದಿಂದಲ್ಲ, ಬಿಲ್ಲು ಗ್ರಾಹಕನ ಕೈ ಸೇರಿದ ದಿನದಿಂದ ಎಣಿಸಬೇಕು.